ನಾಳೆಗೆ ಎಷ್ಟು ಮೊಸರು ತರಿಸಬೇಕು? ಚೀಟಿ ಮೇಲೇ ಮಾಡಬಹುದಾದ ಲೆಕ್ಕ ಇಲ್ಲಿದೆ

ಮೊಸರಿನ ಪ್ಯಾಕೆಟ್‌ಗೆ ಹಿಂದಿನ ದಿನವೇ ಆರ್ಡರ್ ಹೇಳಬೇಕು. ಹೆಚ್ಚು ತರಿಸಿದ್ರೆ ಉಳಿದು ಹುಳಿ ಬರುತ್ತೆ, ಕಮ್ಮಿಯಾದ್ರೆ ಸಂಜೆ ಬಂದ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ. ಎಷ್ಟೋ ಕಡೆ ನಿನ್ನೆ ಹೋದಷ್ಟೇ ಇವತ್ತಿಗೂ ಬರೆಸಿಬಿಡ್ತಾರೆ. ನಿನ್ನೆ ಯಾರದ್ದೋ ಮನೆ ನಾಮಕರಣಕ್ಕೆ 20 ಪ್ಯಾಕೆಟ್ ಜಾಸ್ತಿ ಹೋಗಿದ್ರೆ, ಇವತ್ತು 20 ಉಳೀತು ಅಂತಲೇ ಅರ್ಥ.

ಇದಕ್ಕೆ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಅನ್ನೋ ಲೆಕ್ಕ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಕೆಲಸ ಮಾಡಿದ್ದ ರಾಬರ್ಟ್ ಬ್ರೌನ್ ಅನ್ನೋರು 1950ರ ದಶಕದಲ್ಲಿ ಇದನ್ನು ಗೋದಾಮಿನ ದಾಸ್ತಾನಿಗೆ ತಂದರು. ಹೆಸರು ದೊಡ್ಡದು, ಲೆಕ್ಕ ಒಂದೇ ಸಾಲು:

ಹೊಸ ಅಂದಾಜು = ಹಳೇ ಅಂದಾಜು + ಆಲ್ಫಾ × (ನಿಜವಾದ ಮಾರಾಟ − ಹಳೇ ಅಂದಾಜು)

ಅಂದ್ರೆ ನಿನ್ನೆಯ ಅಂದಾಜು ಎಷ್ಟು ತಪ್ಪಿತೋ ಅದರಲ್ಲಿ ಒಂದು ಪಾಲು ಮಾತ್ರ ತಿದ್ದಿಕೊಳ್ಳೋದು. ಆ ಪಾಲೇ ಆಲ್ಫಾ, ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆ. ಹಳೇ ಚೀಟಿಗಳನ್ನೆಲ್ಲ ಇಟ್ಟುಕೊಳ್ಳಬೇಕಿಲ್ಲ, ಕೊನೆಯ ಅಂದಾಜು ಒಂದಿದ್ರೆ ಸಾಕು.

ಒಂದು ಅಂಗಡಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಹೋದ ಮೊಸರು 50, 60, 45, 55, 40, 60 ಪ್ಯಾಕೆಟ್ ಅಂತ ಇಟ್ಕೊಳ್ಳಿ. ಭಾನುವಾರ ಸಂತೆ, ಅದನ್ನು ಸದ್ಯಕ್ಕೆ ಬಿಡೋಣ. ಆಲ್ಫಾ 0.2, ಅಂದ್ರೆ ಐದರಲ್ಲಿ ಒಂದು ಪಾಲು. ಮಂಗಳವಾರದ ಅಂದಾಜಿಗೆ ಸೋಮವಾರದ 50 ಅನ್ನೇ ಹಿಡಿದು ಶುರು ಮಾಡಬಹುದು. ಮಂಗಳವಾರ ಹೋಗಿದ್ದು 60, ತಪ್ಪು 10. ಅದರ ಐದನೇ ಒಂದು ಪಾಲು 2 ಸೇರಿಸಿದ್ರೆ ಬುಧವಾರಕ್ಕೆ 52. ಬುಧವಾರ ಹೋಗಿದ್ದು ಬರೀ 45, ಅಂದ್ರೆ 7 ಕಮ್ಮಿ. ಐದನೇ ಒಂದು ಪಾಲು 1.4 ಕಳೆದರೆ ಗುರುವಾರಕ್ಕೆ 50.6. ಹೀಗೇ ಹೋದ್ರೆ ಶುಕ್ರವಾರಕ್ಕೆ 51.5, ಶನಿವಾರಕ್ಕೆ 49.2, ಮುಂದಿನ ಸೋಮವಾರಕ್ಕೆ 51.3.

ಆಲ್ಫಾ 0.2 ಯಾಕೆ, 0.5 ಯಾಕಲ್ಲ? ಇದನ್ನು ಅಂಗಡಿಯ ಹಳೇ ಲೆಕ್ಕವೇ ಹೇಳುತ್ತೆ. ಪ್ರತಿದಿನದ ತಪ್ಪನ್ನು, ಹೆಚ್ಚೋ ಕಮ್ಮಿಯೋ ನೋಡದೆ, ಕೂಡಿಸಿ ಸರಾಸರಿ ತೆಗೀಬೇಕು. ಮೇಲಿನ ಐದು ದಿನಕ್ಕೆ 0.2ರಲ್ಲಿ ತಪ್ಪು 10, 7, 4.4, 11.5, 10.8. ಸರಾಸರಿ 8.7 ಪ್ಯಾಕೆಟ್. ಅದೇ ದಿನಗಳಿಗೆ 0.5 ಹಾಕಿದ್ರೆ ಸರಾಸರಿ 10.25 ಆಗುತ್ತೆ. ಇಲ್ಲಿ ಮಾರಾಟ ಸುಮ್ಮನೆ ಮೇಲೆ ಕೆಳಗೆ ಆಡ್ತಿದೆ, 0.5 ಅದರ ಹಿಂದೆಯೇ ಓಡಿ ಮೋಸ ಹೋಗುತ್ತೆ. ಅಂದಾಜು ಹೇಳೋದಾದ್ರೆ 0.2 ಅಂದ್ರೆ ಸುಮಾರು 9 ದಿನದ ಸರಾಸರಿ ಇದ್ದಂತೆ, 0.5 ಅಂದ್ರೆ 3 ದಿನದ್ದು. ಆದರೆ ಐದು ದಿನದ ಲೆಕ್ಕದ ಮೇಲೆ ಆಲ್ಫಾ ನಿರ್ಧರಿಸಬಾರದು, ಒಂದು ತಿಂಗಳಾದ್ರೂ ಬರೆದಿಟ್ಟು 0.1ರಿಂದ 0.5ರವರೆಗೆ ಒಂದೊಂದಾಗಿ ಹಾಕಿ ನೋಡಬೇಕು.

ಈಗ ಅಂಗಡಿ ಎದುರು ಒಂದು ಹಾಸ್ಟೆಲ್ ಶುರುವಾಯ್ತು, ದಿನಕ್ಕೆ 80 ಪ್ಯಾಕೆಟ್ ಬೇಕು ಅನ್ನೋಣ. ಆಗ ಆಟವೇ ಉಲ್ಟಾ. ಮೂರು ದಿನ ಕಳೆದ ಮೇಲೂ 0.2 ಹೇಳೋದು ಬರೀ 65, ಆದರೆ 0.5 ಆಗಲೇ 77ಕ್ಕೆ ಬಂದಿರುತ್ತೆ. ನಿಧಾನದ ಆಲ್ಫಾದಿಂದ ಆಗೋ ನಷ್ಟ ಇದು. ಇದನ್ನು ಹಿಡಿಯೋಕೆ ತಪ್ಪುಗಳನ್ನು ಹೆಚ್ಚು, ಕಮ್ಮಿ ಗುರುತಿನ ಸಮೇತ ಕೂಡಿಸ್ತಾ ಬರಬೇಕು. ಮೊದಲ ವಾರ ಒಂದಕ್ಕೊಂದು ಹೊಡೆದುಹೋಗಿ ಮೊತ್ತ ಬರೀ 6.7 ಇತ್ತು. ಹಾಸ್ಟೆಲ್ ಬಂದ ಎರಡನೇ ದಿನಕ್ಕೇ ಅದು 58 ದಾಟುತ್ತೆ, ಮಾಮೂಲಿ ತಪ್ಪಿನ ಆರು ಪಟ್ಟಿಗೂ ಹೆಚ್ಚು. ಹೀಗೆ ಒಂದೇ ಕಡೆಗೆ ವಾಲಿದ್ರೆ ಆಲ್ಫಾ ಜೊತೆ ಕುಸ್ತಿ ಆಡೋದು ಬೇಡ. ಅಂದಾಜನ್ನೇ 80 ಅಂತ ಹೊಸದಾಗಿ ಬರೆದು, ಮತ್ತೆ 0.2ರಲ್ಲೇ ಮುಂದುವರೀಬಹುದು.

ತಿಂಗಳ ಲೆಕ್ಕದಲ್ಲಿ 0.7, 0.8 ಹಾಕಿದ್ರೇನೇ ತಪ್ಪು ಕಮ್ಮಿ ಬರ್ತಿದ್ರೆ ಅದೂ ಒಂದು ಸುಳಿವು. ಬೇಸಿಗೆಯಲ್ಲಿ ಮಜ್ಜಿಗೆ ಏರೋ ಹಾಗೆ ಮಾರಾಟ ದಿನೇ ದಿನೇ ಏರ್ತಿರಬಹುದು, ಈ ಸರಳ ಲೆಕ್ಕ ಅದರ ಹಿಂದೆಯೇ ಉಳಿಯುತ್ತೆ. ಸಂತೆ ದಿನವೂ ಇದಕ್ಕೆ ಗೊತ್ತಾಗಲ್ಲ. ಭಾನುವಾರಕ್ಕೆ ಹಿಂದಿನ ಭಾನುವಾರಗಳದ್ದೇ ಬೇರೆ ಸಾಲು ಇಡಬೇಕು, ಇಲ್ಲಾಂದ್ರೆ ಸೋಮವಾರದ ಅಂದಾಜು ಸುಮ್ಮನೆ ಉಬ್ಬುತ್ತೆ.

51 ಅಂತ ಅಂದಾಜು ಬಂತು ಅಂದ ಮಾತ್ರಕ್ಕೆ 51 ತರಿಸಬೇಕು ಅಂತಿಲ್ಲ. ಮಾಮೂಲಿ ತಪ್ಪೇ 9 ಇರೋವಾಗ 51 ತರಿಸಿದ್ರೆ ಹೆಚ್ಚೂಕಮ್ಮಿ ಅರ್ಧ ದಿನ ಮೊಸರು ಸಾಲಲ್ಲ. ಹುಳಿ ಬಂದ ಪ್ಯಾಕೆಟ್‌ನ ನಷ್ಟ ಜಾಸ್ತಿಯೋ, ಗಿರಾಕಿ ತಿರುಗಿ ಹೋದ ನಷ್ಟ ಜಾಸ್ತಿಯೋ ನೋಡಿ ಮೇಲೆ ಎಷ್ಟು ಸೇರಿಸಬೇಕು ಅಂತ ಅಂಗಡಿಯವರೇ ತೀರ್ಮಾನಿಸಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡಿಸೋ ತಪ್ಪು ಬೇರೆ ಇದೆ. 40 ತರಿಸಿ, ಸಂಜೆ ಐದಕ್ಕೇ ಖಾಲಿಯಾಗಿ, ಪುಸ್ತಕದಲ್ಲಿ 'ಮಾರಾಟ 40' ಅಂತ ಬರೆದ್ರೆ ಲೆಕ್ಕ ಅದನ್ನೇ ನಂಬಿ ನಾಳೆಗೂ ಕಮ್ಮಿ ಹೇಳುತ್ತೆ. ನಾಳೆ ಕಮ್ಮಿ ತರಿಸಿದ್ರೆ ಮಾರಾಟವೂ ಕಮ್ಮಿಯೇ, ಹೀಗೇ ಇಳೀತಾ ಹೋಗುತ್ತೆ. ಖಾಲಿಯಾದ ಮೇಲೆ 'ಇಲ್ಲಮ್ಮ, ಮುಗೀತು' ಅಂದ ಪ್ರತಿಸಲ ಚೀಟಿ ಮೇಲೆ ಒಂದು ಗೀಟು ಹಾಕಿ, ರಾತ್ರಿ ಅದನ್ನೂ ಆ 40ಕ್ಕೆ ಕೂಡಿಸಿಯೇ ಲೆಕ್ಕಕ್ಕೆ ತಗೋಬೇಕು.