ಮದುವೆ ಗ್ರೂಪಿನಲ್ಲಿ ಆಡಿದ ಮಾತೆಷ್ಟು, ಆದ ತೀರ್ಮಾನವೆಷ್ಟು?

ಮದುವೆ ಗೊತ್ತಾದ ವಾರದೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಗ್ರೂಪ್ ಶುರುವಾಗುತ್ತದೆ. ಛತ್ರದ ರಸೀದಿ, ಸೀರೆಗಳ ಫೋಟೊ, ಬೆಳಗಿನ ಶುಭೋದಯ, ಸೋದರಮಾವನ ಉದ್ದನೆಯ ಧ್ವನಿ ಸಂದೇಶ ಎಲ್ಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅಡುಗೆಯವರಿಗೆ ಎಷ್ಟು ಎಲೆ ಹೇಳಿದ್ದೇವೆ ಎಂದು ಕೇಳಿದರೂ ಒಬ್ಬೊಬ್ಬರದು ಒಂದೊಂದು ಉತ್ತರ. ಆಗ ಮನೆಯ ಯಾರಾದರೊಬ್ಬರು ಕೂತು ಅಷ್ಟನ್ನೂ ಓದಿ, ಆಗಿರುವುದೇನು, ಇನ್ನೂ ಆಗಬೇಕಾದ್ದೇನು ಎಂದು ಬರೆಯಬೇಕಾಗುತ್ತದೆ.

ಈ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಯಾರೋ ಹೇಳಿದ್ದನ್ನು ಎಲ್ಲರೂ ಒಪ್ಪಿದ್ದೆಂದು ಬರೆದುಬಿಡುವುದು.

ಮೈಸೂರಿನಲ್ಲಿ ಒಂದು ಮದುವೆ, ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ ಎಂದಿಟ್ಟುಕೊಳ್ಳೋಣ. "ಧಾರೆ ಊಟಕ್ಕೆ 600 ಎಲೆ ಸಾಕು" ಎಂದು ಹುಡುಗಿಯ ತಂದೆ ಗ್ರೂಪಿನಲ್ಲಿ ಬರೆಯುತ್ತಾರೆ. ಐದಾರು ಜನ ಹೆಬ್ಬೆರಳು ಎತ್ತುತ್ತಾರೆ. ಸಂಜೆ ಹುಡುಗಿಯ ಸೋದರಮಾವ, "ಬೀಗರ ಕಡೆಯವರೇ 300 ಆಗ್ತಾರಂತೆ ಭಾವ, 700 ಹೇಳಿಬಿಡಿ" ಎನ್ನುತ್ತಾರೆ. "ನೋಡೋಣ" ಎಂದು ತಂದೆಯ ಉತ್ತರ. ಅಷ್ಟರಲ್ಲಿ ಸೀರೆಗಳ ಫೋಟೊ ಬಂದು ಮಾತು ಅತ್ತ ಹೊರಳುತ್ತದೆ. ಮೂರು ದಿನದ ನಂತರ ಚಿಕ್ಕಪ್ಪನ ಮಗ ಅಡುಗೆ ಭಟ್ಟರು ಬರೆದುಕೊಟ್ಟ ಚೀಟಿಯ ಫೋಟೊ ಹಾಕುತ್ತಾನೆ. ಅದರಲ್ಲಿರುವುದು 650 ಎಲೆಯ ಲೆಕ್ಕ. ಯಾರೂ ಏನೂ ಹೇಳುವುದಿಲ್ಲ.

ಕೊನೆಗೆ ಬಂದ ಸಂಖ್ಯೆಯೇ ತೀರ್ಮಾನ ಎಂದುಕೊಂಡರೆ 650 ಎಂದು ಬರೆಯಬೇಕು. ಅದು ತಪ್ಪು. ಆ ಸಂಖ್ಯೆ ಭಟ್ಟರು ದರ ಹೇಳಲು ಹಿಡಿದ ಅಂದಾಜು, ಮನೆಯವರ ಮಾತಲ್ಲ. 600 ಎಂದು ಬರೆಯುವುದೂ ಸರಿಯಲ್ಲ, ಏಕೆಂದರೆ ಹೇಳಿದವರೇ ಆಮೇಲೆ "ನೋಡೋಣ" ಎಂದು ಅದನ್ನು ಸಡಿಲ ಬಿಟ್ಟಿದ್ದಾರೆ. ಹೆಬ್ಬೆರಳನ್ನು ನಂಬುವಂತಿಲ್ಲ. ಕೆಲವರ ಹೆಬ್ಬೆರಳಿಗೆ "ಓದಿದೆ" ಎಂಬಷ್ಟೇ ಅರ್ಥ. ಒಂದು ವಿಷಯ ಇತ್ಯರ್ಥವಾಗಿದೆ ಎನ್ನಬೇಕಾದರೆ, ಅದನ್ನು ನಿರ್ಧರಿಸಬೇಕಾದವರು ಸ್ಪಷ್ಟವಾಗಿ ಹೂಂ ಎಂದಿರಬೇಕು ಇಲ್ಲವೇ ಅವರು ಹಣ ಕೊಟ್ಟಿರಬೇಕು, ಆಮೇಲೆ ಅದನ್ನು ಯಾರೂ ಮತ್ತೆ ಎತ್ತಿರಬಾರದು.

ಹಾಗೆಂದು ಊಟದ ವಿಷಯ ಪೂರ್ತಿ ಬಾಕಿಯೆಂದೂ ಅಲ್ಲ. ಅದೇ ಭಟ್ಟರಿಗೆ 10,000 ರೂಪಾಯಿ ಮುಂಗಡ ಹೋಗಿದೆ, ರಸೀದಿ ಗ್ರೂಪಿನಲ್ಲೇ ಇದೆ. ಹಾಗಾಗಿ ಅಡುಗೆ ಯಾರದು ಎಂಬುದು ಆದ ಮಾತು, ಎಲೆ ಎಷ್ಟು ಎಂಬುದು ಮಾತ್ರ ಆಗಬೇಕಾದ್ದು. ಬಾಕಿಯ ಸಾಲು ಹೀಗಿದ್ದರೆ ಕೆಲಸಕ್ಕೆ ಬರುತ್ತದೆ: "ಧಾರೆ ಊಟದ ಎಲೆ: 600, 650, 700 ಎಂಬ ಮೂರು ಲೆಕ್ಕಗಳಿವೆ. ಬೀಗರ ಕಡೆಯಿಂದ ಎಷ್ಟು ಜನ ಎಂದು ಸೋದರಮಾವ ಕೇಳಿ ತಿಳಿಸಬೇಕು. ಅದರ ಮೇಲೆ ಅಪ್ಪ 10ನೇ ತಾರೀಕಿನೊಳಗೆ ಭಟ್ಟರಿಗೆ ಹೇಳಬೇಕು." ಬರೀ "ಎಲೆ ಲೆಕ್ಕ ಬಾಕಿ" ಎಂದು ಬರೆದರೆ ಆ ಲೆಕ್ಕ ಬಾಕಿಯೇ ಉಳಿಯುತ್ತದೆ, ಏಕೆಂದರೆ ಯಾರು ಉತ್ತರಿಸಬೇಕು ಎಂಬುದೇ ಅದರಲ್ಲಿಲ್ಲ.

ಕೆಲವು ಪ್ರಶ್ನೆಗಳನ್ನು ಗ್ರೂಪಿನಲ್ಲಿ ಯಾರೂ ಕೇಳಿಯೇ ಇರುವುದಿಲ್ಲ. ಹಾಸನದಿಂದ ನೆಂಟರಿಗೆ ಬಸ್ ಮಾಡುವುದೆಂದು ಆಗಿದೆ, ಸಂಜೆ 4 ಗಂಟೆಗೆ ಹೊರಡುವುದೆಂದೂ ಆಗಿದೆ. ಆರತಕ್ಷತೆ 6.30ಕ್ಕೆ ಎಂದು ಬೇರೊಂದು ದಿನ ತೀರ್ಮಾನವಾಗಿದೆ. ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದರೆ ಬಸ್ಸಿಗೆ ಮೂರು ಗಂಟೆ ಬೇಕು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿ, ಜೊತೆಗಿಟ್ಟರೆ ಹೊಂದುವುದಿಲ್ಲ. ಬರೆಯುವವರು ತಾವೇ 2.30 ಎಂದು ತಿದ್ದಬಾರದು, ಬಾಕಿ ಪ್ರಶ್ನೆಗಳಲ್ಲಿ ಸೇರಿಸಬೇಕು.

ಓದುವುದಕ್ಕೂ ಒಂದು ಕ್ರಮವಿದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಿದರೆ ಎಳೆ ತಪ್ಪುತ್ತದೆ. ಛತ್ರ, ಊಟ, ಬಸ್, ಲಗ್ನಪತ್ರಿಕೆ ಎಂದು ವಿಷಯ ಹಿಡಿದು ಹುಡುಕಿ, ಪ್ರತಿಯೊಂದನ್ನೂ ಕೊನೆಯ ಸಂದೇಶದಿಂದ ಹಿಂದಕ್ಕೆ ಓದುವುದು ವಾಸಿ. ಧ್ವನಿ ಸಂದೇಶಗಳನ್ನು ಕೇಳಲೇಬೇಕು. ಟೈಪ್ ಮಾಡಲು ಬೇಸರಪಡುವ ಹಿರಿಯರ ಮುಖ್ಯ ಮಾತೆಲ್ಲ ಇರುವುದು ಅಲ್ಲೇ. ಫೋಟೊ, ಧ್ವನಿ ಬಿಟ್ಟು ಬರೀ ಅಕ್ಷರಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಂಡು ಓದಿದರೆ ಆ ಮಾತುಗಳು ಕೈತಪ್ಪುತ್ತವೆ. "ಫೋನಿನಲ್ಲಿ ಮಾತಾಡಿದೆ, ಆಯ್ತು" ಎಂದು ಯಾರಾದರೂ ಬರೆದಿದ್ದರೆ, ಏನಾಯ್ತು ಎಂದು ಅವರನ್ನೇ ಕೇಳಬೇಕು.

ಯಾರು ಯಾರ ಮೇಲೆ ಮುನಿಸಿಕೊಂಡರು ಎಂಬುದು ಈ ಬರಹಕ್ಕೆ ಬೇಡ. ಆದರೆ ಮುನಿಸಿನ ಹಿಂದೆ ಒಂದು ಬೇಡಿಕೆಯಿದ್ದರೆ ಅದು ಬಿಟ್ಟುಹೋಗಬಾರದು. "ಪತ್ರಿಕೆಯಲ್ಲಿ ನಮ್ಮ ಹೆಸರೇ ಇಲ್ಲ" ಎಂದು ದೊಡ್ಡತ್ತೆ ಹೇಳಿ ಸುಮ್ಮನಾಗಿದ್ದರೆ, ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಬಗೆಹರಿಯಬೇಕಾದ ಮೊದಲ ಪ್ರಶ್ನೆ ಅದೇ.

ಬರೆದಾದ ಮೇಲೆ ಗ್ರೂಪಿಗೆ ಹಾಕಿ, "ತಪ್ಪಿದ್ದರೆ ಭಾನುವಾರದೊಳಗೆ ಹೇಳಿ" ಎಂದು ಕೇಳಿ. ಮೊಬೈಲ್ ನೋಡದ ಅಜ್ಜಿ, ದೊಡ್ಡಪ್ಪಂದಿರಿಗೆ ಫೋನ್ ಮಾಡಿ ಓದಿ ಹೇಳಿ. ಸಂದೇಶವನ್ನು ಗ್ರೂಪಿನ ಮೇಲ್ತುದಿಗೆ ಪಿನ್ ಮಾಡುವಾಗ 30 ದಿನದ ಅವಧಿಯನ್ನೇ ಆರಿಸಿಕೊಳ್ಳಿ. ಮದುವೆ ಅದಕ್ಕಿಂತ ದೂರವಿದ್ದರೆ, ಪಟ್ಟಿಯನ್ನು ಹೊಸದಾಗಿ ತಿದ್ದಿ ಮತ್ತೊಮ್ಮೆ ಪಿನ್ ಮಾಡಿ.