ಕಣ್ಣಿಗೆ ಕರ್ನಾಟಕ, ಕಡತದೊಳಗೆ ಕನಾರ್ಟಕ

ಪಿಡಿಎಫ್ ಪುಟದ ನಡುವೆ ‘ಕರ್ನಾಟಕ’ ಎಂದು ಅಚ್ಚುಕಟ್ಟಾಗಿ ಕಾಣುತ್ತಿರುತ್ತದೆ. ಹುಡುಕು ಕಿಂಡಿಯಲ್ಲಿ ಅದೇ ಪದ ಟೈಪ್ ಮಾಡಿದರೆ ‘ಸಿಗಲಿಲ್ಲ’ ಎನ್ನುತ್ತದೆ. ಪದವನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ, ‘ಕನಾರ್ಟಕ’ ಬರುತ್ತದೆ. ‘ನಾ’ ಬಲಕ್ಕಿದ್ದ ಅರ್ಕಾವೊತ್ತು ಒಂದಕ್ಷರ ಮುಂದೆ ಜಾರಿ ‘ಟ’ದ ಪಾಲಾಗಿದೆ. ವರ್ಷಗಟ್ಟಲೆ ಕನ್ನಡ ಕಡತಗಳೊಡನೆ ಏಗಿದ ನನಗೆ ಅತಿ ಹೆಚ್ಚು ಎದುರಾದ ತಪ್ಪು ಇದು.

ಇದರ ಬೇರು ಪಿಡಿಎಫ್ ಹುಟ್ಟಿದ ಉದ್ದೇಶದಲ್ಲೇ ಇದೆ. 1993ರಲ್ಲಿ ಅಡೋಬಿ ಕಂಪನಿ ಅದನ್ನು ಹೊರತಂದಾಗ ಬೇಕಾಗಿದ್ದದ್ದು ಒಂದೇ: ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಬೇಕು. ಹಾಗಾಗಿ ಅದು ಮುಖ್ಯವಾಗಿ ದಾಖಲಿಸುವುದು ಆಕಾರಗಳನ್ನು. ಫಾಂಟಿನ ಇಷ್ಟನೇ ಆಕಾರವನ್ನು ಪುಟದ ಇಂಥ ಜಾಗದಲ್ಲಿ ಇಡು ಎಂಬ ಸೂಚನೆಗಳನ್ನು.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡವೂ ಆಕಾರಗಳ ಲೆಕ್ಕದಲ್ಲೇ ಬದುಕುತ್ತಿತ್ತು. ನುಡಿಯಂಥ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ವರ್ಡ್ ಕಡತ ತೆರೆದರೆ ನಮ್ಮ ನಾಡಿನ ಹೆಸರು `PÀ£ÁðlPÀ` ಆಗುತ್ತಿತ್ತು. ಅದರಲ್ಲಿ `£Á` ಎಂಬುದು ‘ನಾ’, ಅದರ ನಂತರದ `ð` ಅರ್ಕಾವೊತ್ತು. ಅಂದರೆ ಕೈಯಲ್ಲಿ ಬರೆಯುವ ಕ್ರಮವೇ ಕಡತದ ಕ್ರಮವೂ ಆಗಿತ್ತು.

ಯೂನಿಕೋಡ್ ಈ ಕ್ರಮವನ್ನು ತಿರುಗಿಸಿತು. ಉಚ್ಚಾರದಲ್ಲಿ ‘ರ್’ ಮೊದಲು, ‘ನಾ’ ಆಮೇಲೆ, ಕಡತದಲ್ಲೂ ಹಾಗೆಯೇ. ಕ, ರ, ಹಲಂತ ಚಿಹ್ನೆ, ನ, ಆ-ಕಾರದ ಚಿಹ್ನೆ, ಟ, ಕ ಎಂದು ಏಳು ಸಂಕೇತಗಳು. ಅವನ್ನು ಓದಿ ಒತ್ತು ಕೂಡಿಸಿ, ಅರ್ಕಾವೊತ್ತನ್ನು ‘ನಾ’ದ ಬಲಕ್ಕೆ ಒಯ್ದಿಡುವ ಕೆಲಸ ಕಂಪ್ಯೂಟರಿನದು. ವಿಂಡೋಸ್‌ಗೆ ಕನ್ನಡದ ಈ ವಿದ್ಯೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ವರ್ಡ್ ತಾನೇ ಪಿಡಿಎಫ್ ಮಾಡಲು ಕಲಿತದ್ದು 2007ರ ಆವೃತ್ತಿಯಲ್ಲಿ, ಅದೂ ಮೊದಲಿಗೆ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಾದ ಸಣ್ಣ ತಂತ್ರಾಂಶದ ಮೂಲಕ.

ಪಿಡಿಎಫ್ ಆಗುವ ಹೊತ್ತಿಗೆ ಈ ಜೋಡಣೆಯೆಲ್ಲ ಮುಗಿದಿರುತ್ತದೆ. ಕಡತಕ್ಕೆ ಇಳಿಯುವುದು ಕ, ನಾ, ಅರ್ಕಾವೊತ್ತು, ಟ, ಕ ಎಂಬ ಆಕಾರಗಳ ಸಾಲು. ಯಾವ ಆಕಾರ ಯಾವ ಅಕ್ಷರ ಎಂಬ ಪಟ್ಟಿಯೊಂದು ಜೊತೆಗಿರುತ್ತದೆ, ಅದರಲ್ಲಿ ಅರ್ಕಾವೊತ್ತಿನ ಮುಂದೆ ‘ರ್’ ಎಂದಿರುತ್ತದೆ. ನಕಲಿಸುವಾಗ ಓದುಗ ತಂತ್ರಾಂಶ ಆಕಾರಗಳ ಸಾಲನ್ನು ಹಾಗೇ ಅನುಸರಿಸಿದರೆ ‘ಕನಾರ್ಟಕ’ ಸಿದ್ಧ. ‘ಸೂರ್ಯ’ ‘ಸೂಯರ್’ ಆಗುವುದೂ ಹೀಗೆಯೇ. ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಸಿಗುವುದು ಈ ಕೆಟ್ಟ ಪದವೇ, ನನಗೆ ಹೆಚ್ಚು ನೋವಾಗುವುದು ಅಲ್ಲಿ. ಆಕಾರಗಳ ಗುಂಪಿನ ಜೊತೆ ಮೂಲ ಪದವನ್ನೂ ಬರೆದಿಡುವ `ActualText` ಎಂಬ ಏರ್ಪಾಡು ಪಿಡಿಎಫ್‌ನಲ್ಲಿ ಇದೆ. ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ಬರೆಯುವುದಿಲ್ಲ, ಬರೆದದ್ದನ್ನು ಎಲ್ಲವೂ ಓದುವುದಿಲ್ಲ.

ಹಾಗಾದರೆ ಮಾಡುವುದೇನು? ಕಡತ ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ. ವರ್ಡ್‌ನಲ್ಲಿರುವುದೇ `PÀ£ÁðlPÀ` ಆಗಿರುವಾಗ ಪಿಡಿಎಫ್ ಎಷ್ಟೇ ಚೆಂದ ಕಂಡರೂ ಒಳಗೆ ಅದೇ ಉಳಿಯುತ್ತದೆ. ಆಮೇಲೆ ಪಠ್ಯವನ್ನೆಲ್ಲ ಆಯ್ದು ಫಾಂಟ್ ಕಿಟಕಿ ತೆರೆಯಿರಿ. ಅಲ್ಲಿ ಫಾಂಟಿಗೆ ಎರಡು ಜಾಗಗಳಿರುತ್ತವೆ. ಕನ್ನಡಕ್ಕೆ ಅನ್ವಯವಾಗುವುದು `Complex scripts` ಎಂಬುದು. ಅಲ್ಲಿ ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಆರಿಸಿ.

ನಂತರ ಪ್ರಿಂಟ್ ದಾರಿ ಬಿಟ್ಟು `Save As` ದಾರಿ ಹಿಡಿಯಿರಿ. ಪ್ರಿಂಟ್ ಮೂಲಕ ಹೋದರೆ ಶೀರ್ಷಿಕೆ, ಪ್ಯಾರಾಗಳ ರಚನೆಯ ಗುರುತುಗಳು ಕಳೆದುಹೋಗುತ್ತವೆ. `Options` ಒಳಗೆ `Document structure tags for accessibility` ಮತ್ತು `PDF/A` ಎರಡಕ್ಕೂ ಗುರುತು ಹಾಕಿ. ಬಳಸಿದ ಫಾಂಟೆಲ್ಲ ಕಡತದೊಳಗೇ ಇರಬೇಕೆಂಬುದು `PDF/A` ನಿಯಮ. ವರ್ಡ್‌ನ ಸೆಟ್ಟಿಂಗುಗಳಲ್ಲಿ `Embed fonts in the file` ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ, ಅದು ವರ್ಡ್ ಕಡತದ ಸಂಗತಿ.

ಫಾಂಟು ಒಳಗೆ ಬಂತೇ ಎಂದು ತಿಳಿಯಲು ಅಕ್ರೋಬ್ಯಾಟ್ ರೀಡರಿನ `Properties` ತೆರೆದು `Fonts` ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ `Embedded Subset` ಇದೆಯೇ ನೋಡಿ. ಇದ್ದರೆ ಒತ್ತಕ್ಷರ ಯಾವ ಮೊಬೈಲಿನಲ್ಲೂ ಚದುರದು.

ಕಾಣುವ ಪರೀಕ್ಷೆ ಅಲ್ಲಿಗೆ ಮುಗಿಯಿತು, ಹುಡುಕುವ ಪರೀಕ್ಷೆ ಬೇರೆ. ‘ಕರ್ನಾಟಕ’, ‘ಸೂರ್ಯ’, ‘ರಾಷ್ಟ್ರೀಯ’ ಈ ಮೂರು ಪದಗಳನ್ನು ಪಿಡಿಎಫ್‌ನಿಂದ ನಕಲಿಸಿ ಅಂಟಿಸಿ. ಮೊದಲೆರಡು ಕೆಟ್ಟು ಮೂರನೆಯದು ಸರಿ ಬಂದರೆ ತೊಂದರೆ ಅರ್ಕಾವೊತ್ತಿನ ಕ್ರಮದ್ದು. ಆಗ ಅದೇ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದು, ಪುಟ ಕದಲಿಲ್ಲವೆಂದು ನೋಡಿಕೊಂಡು, ಅಲ್ಲಿಂದ ಪಿಡಿಎಫ್ ಮಾಡಿ ಮತ್ತೆ ಪರೀಕ್ಷಿಸುತ್ತೇನೆ. ಅದೂ ಸರಿಹೋಗದಿದ್ದರೆ ಪಿಡಿಎಫ್ ಜೊತೆಗೆ ಮೂಲ ವರ್ಡ್ ಕಡತವನ್ನೂ ಕಳಿಸುತ್ತೇನೆ.