ಹೆಜ್ಜೆಗೊಂದೇ ಅಂಕಿ ಬದಲು

ತಿರುಗುವ ತಟ್ಟೆ ಎಲ್ಲಿದೆ ಎಂಬುದನ್ನು ಯಂತ್ರ ಸೊನ್ನೆ-ಒಂದುಗಳಲ್ಲಿ ಓದುತ್ತದೆ ಎನ್ನೋಣ. ಸಾಮಾನ್ಯ ದ್ವಿಮಾನ ಎಣಿಕೆಯಲ್ಲಿ 3 ಎಂದರೆ 011, 4 ಎಂದರೆ 100. ಮೂರರಿಂದ ನಾಲ್ಕಕ್ಕೆ ಹೋಗುವಾಗ ಮೂರೂ ಅಂಕಿಗಳು ಬದಲಾಗಬೇಕು. ಅವು ಒಂದೇ ಕ್ಷಣದಲ್ಲಿ ಬದಲಾಗುವುದು ಕಷ್ಟ. ಎಡಗಡೆಯದು ಮುಂಚೆ ಬದಲಾದರೆ ಯಂತ್ರ 111, ಅಂದರೆ 7 ಎಂದು ತಪ್ಪಾಗಿ ಓದುತ್ತದೆ.

ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ 1953ರಲ್ಲಿ ಪೇಟೆಂಟ್ ಪಡೆದ ಸಂಕೇತದಲ್ಲಿ ಹೆಜ್ಜೆಗೆ ಒಂದೇ ಅಂಕಿ ಬದಲಾಗುತ್ತದೆ. ಅದನ್ನು ಕಟ್ಟುವುದು ಸುಲಭ. 00, 01, 11, 10 ಎಂದು ಬರೆದುಕೊಳ್ಳಿ. ಅದರ ಮುಂದೆ ಅದೇ ಸಾಲನ್ನು ಕೊನೆಯಿಂದ ಮೊದಲಿಗೆ ಬರೆಯಿರಿ. ಮೊದಲರ್ಧದ ಪ್ರತಿಯೊಂದರ ಎಡಕ್ಕೆ 0, ಉಳಿದರ್ಧಕ್ಕೆ 1 ಸೇರಿಸಿ:

000, 001, 011, 010, 110, 111, 101, 100

ಕೊನೆಯದರಿಂದ ಮೊದಲನೆಯದಕ್ಕೆ ಮರಳಲೂ ಒಂದೇ ಬದಲಾವಣೆ ಸಾಕು.

ಈ ಎಂಟನ್ನು ಘನದ ಮೂಲೆಗಳಿಗೆ ಹಚ್ಚಿ, ಒಂದೇ ಅಂಕಿ ಬೇರೆಯಾದವನ್ನು ಅಂಚಿನಿಂದ ಜೋಡಿಸಿ. ನಮ್ಮ ಸಾಲು ಪ್ರತಿ ಮೂಲೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಹೊರಟಲ್ಲಿಗೇ ಮರಳುತ್ತದೆ. ಇದೇ ಹ್ಯಾಮಿಲ್ಟನ್ ಚಕ್ರ. ನಾಲ್ಕು ಅಂಕಿಗಳಿಗೆ ನಾಲ್ಕು ಆಯಾಮದ ಘನ ಬೇಕು, ಆದರೆ ವಿಧಾನ ಅದೇ.

ಒಂದು ಮಿತಿಯುಂಟು. ಪ್ರತಿ ಹೆಜ್ಜೆಗೂ ಒಂದುಗಳ ಸಂಖ್ಯೆ ಸಮದಿಂದ ಬೆಸಕ್ಕೆ, ಬೆಸದಿಂದ ಸಮಕ್ಕೆ ಹೊರಳುತ್ತದೆ. ಹಾಗಾಗಿ 7ರಂಥ ಬೆಸ ಸಂಖ್ಯೆಯ ಸ್ಥಾನಗಳಿಗೆ ಇಂಥ ಚಕ್ರ ಸಾಧ್ಯವೇ ಇಲ್ಲ.